ಅಡಿಕೆ ಅಂಗಡಿಯ ಸಾಫ್ಟ್‌ವೇರ್ ನಡುವಿನಲ್ಲಿ ನಿಂತಾಗ ಬರೆದ ಒಂದು ಪತ್ರ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಅಡಿಕೆ ಅಂಗಡಿಗೆ ನಾವು ಖರೀದಿ ಮತ್ತು ಮಾರಾಟದ ಬಿಲ್ ಮಾಡುವ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ನಾವು ಎಂದರೆ ಇಬ್ಬರು. ಗೆಳೆಯ ಪ್ರೋಗ್ರಾಂ ಬರೆಯುತ್ತಾನೆ. ಗಿರಾಕಿಗಳ ಜೊತೆ ಮಾತು, ಕಾಗದ ಪತ್ರ, ಹಣದ ಲೆಕ್ಕ ನನ್ನದು. ಜನವರಿ 6ರಂದು ಒಪ್ಪಂದ ಆಯಿತು. ಮೊತ್ತ 60,000 ರೂಪಾಯಿ. ಮುಂಗಡ 24,000, ಮೊದಲ ಬಾರಿ ಓಡಿಸಿ ತೋರಿಸಿದಾಗ 18,000, ಕೊಟ್ಟು ಮುಗಿಸಿದಾಗ 18,000. ಮಾರ್ಚ್ 15ಕ್ಕೆ ಕೆಲಸ ಮುಗಿಯಬೇಕು. ಏಪ್ರಿಲ್ 1ರಿಂದ ಹೊಸ ಆರ್ಥಿಕ ವರ್ಷ. ಅಂದಿನಿಂದ ಬಿಲ್ ನಂಬರು ಹೊಸದಾಗಿ ಶುರುವಾಗುವುದರಿಂದ ಸಾಫ್ಟ್‌ವೇರನ್ನೂ ಅಂದೇ ಶುರು ಮಾಡಬೇಕೆಂಬುದು ಯಜಮಾನರ ಆಸೆ. ವರ್ಷದ ಮಧ್ಯದಲ್ಲಿ ಬದಲಾಯಿಸಿದರೆ ಎರಡು ಸಾಲು ನಂಬರು ಇಟ್ಟುಕೊಂಡು ಆಡಿಟರಿಗೆ ವಿವರಣೆ ಕೊಡುವ ಕೆಲಸ ಬೀಳುತ್ತದೆ. ಹಾಗಾಗಿ ಅವರ ಆಸೆ ಸರಿಯಾಗಿಯೇ ಇತ್ತು.

ಫೆಬ್ರವರಿ ಎರಡನೆಯ ವಾರಕ್ಕೆ ಕೆಲಸ ನಿಂತಿತು. ಜಗಳ ಏನೂ ಆಗಿರಲಿಲ್ಲ. ಯಜಮಾನರು ಒಳ್ಳೆಯವರು, ಹೋದಾಗಲೆಲ್ಲ ಚಹಾ ಕುಡಿಸದೆ ಬಿಡುವವರಲ್ಲ. ಆದರೆ ಕೇಳಿದ ಮಾಹಿತಿ ಬರುತ್ತಿರಲಿಲ್ಲ. ಕೇಳದ ಕೆಲಸಗಳು ಮಾತ್ರ ವಾಟ್ಸಾಪ್‌ನಲ್ಲಿ ಬರುತ್ತಿದ್ದವು, ಅದೂ ಮಗನ ವಾಯ್ಸ್ ಮೆಸೇಜ್ ಆಗಿ. "ಅಣ್ಣಾ, ಇನ್ನೊಂದು ಸಣ್ಣ ವಿಷಯ ಉಂಟು" ಎಂದು ಶುರುವಾಗುವ ಮೆಸೇಜ್‌ಗಳು. ನಮ್ಮ ಕೆಲಸದಲ್ಲಿ ಇರುವವರಿಗೆ ಈ 'ಸಣ್ಣ ವಿಷಯ'ದ ಗಾತ್ರ ಗೊತ್ತೇ ಇರುತ್ತದೆ.

ಗೆಳೆಯ ಸಿಟ್ಟಿನಲ್ಲಿ ಒಂದು ಪತ್ರ ಬರೆದು ನನಗೆ ಕಳಿಸಿದ. "ತಾವು ಪದೇ ಪದೇ ಕೇಳಿದರೂ ಮಾಹಿತಿ ಕೊಡದ ಕಾರಣ ಹಾಗೂ ದಿನಕ್ಕೊಂದು ಬದಲಾವಣೆ ಹೇಳುತ್ತಿರುವ ಕಾರಣ ಕೆಲಸವನ್ನು ನಿಲ್ಲಿಸಲಾಗಿದೆ. ಎಲ್ಲ ಮಾಹಿತಿಯನ್ನು ಕೂಡಲೇ ಒದಗಿಸತಕ್ಕದ್ದು." ಬರೆದದ್ದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ಇದನ್ನು ಓದಿದ ಯಜಮಾನರು ನಾಳೆ ಬೆಳಿಗ್ಗೆ ಏನು ಮಾಡಬೇಕು? 'ಎಲ್ಲ ಮಾಹಿತಿ' ಎಂದರೆ ಯಾವುದು? ಯಾರ ಹತ್ತಿರ ಇದೆ? ಅದು ಆ ಪತ್ರದಲ್ಲಿ ಇರಲಿಲ್ಲ. ಹಾಗೆ ಬರೆದ ಪತ್ರಕ್ಕೆ ಫೋನು ಬರುತ್ತದೆ, ಉತ್ತರ ಬರುವುದಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ, ಆ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಹೋಗಿದ್ದವು. ಒಂದು, ಒಪ್ಪಿಕೊಂಡ ಕೆಲಸವನ್ನೇ ಮಾಡಲು ನಮಗೆ ಬೇಕಾದ ಮಾಹಿತಿ. ಇದಕ್ಕೆ ಗಿರಾಕಿ ಕೊಡಬೇಕಾದದ್ದು ಸಮಯ ಮಾತ್ರ, ಹಣ ಅಲ್ಲ. ಎರಡು, ಒಪ್ಪಂದದಲ್ಲಿ ಇಲ್ಲದ ಹೊಸ ಕೆಲಸ. ಇದಕ್ಕೆ ಹಣವೂ ಬೇಕು, ದಿನಗಳೂ ಬೇಕು. ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಿದರೆ ಗಿರಾಕಿಗೆ ಅನಿಸುವುದೇ ಬೇರೆ: ನಮ್ಮ ಅಂಗಡಿಯ ವಿಷಯ ನಾವು ಹೇಳುವುದಕ್ಕೂ ಇವರು ದುಡ್ಡು ಕೇಳುತ್ತಿದ್ದಾರೆ ಎಂದು. ಆಗ ಸುಲಭವಾಗಿ ಸಿಗಬೇಕಾದ ಮಾಹಿತಿಯೂ ಚೌಕಾಸಿಯಲ್ಲಿ ಸಿಕ್ಕಿಬೀಳುತ್ತದೆ.

ಹಾಗಾಗಿ ಮೊದಲು ಮಾಡಿದ್ದು ವಿಂಗಡಣೆ. ಒಪ್ಪಂದದ ಎರಡು ಪುಟ ಮುಂದಿಟ್ಟುಕೊಂಡು, ಬಂದ ಮೆಸೇಜ್‌ಗಳನ್ನೆಲ್ಲ ಕೇಳುತ್ತಾ, ಯಾವುದು ಎಲ್ಲಿಗೆ ಸೇರುತ್ತದೆ ಎಂದು ಬರೆದೆವು.

ಮಾಹಿತಿಯ ಸಾಲಿನಲ್ಲಿ ಮುಖ್ಯವಾದದ್ದು ತೂಕ ಕಳೆಯುವ ಲೆಕ್ಕ. ಒಪ್ಪಂದದಲ್ಲಿ "ಗೋಣಿ ಮತ್ತು ತೇವದ ತೂಕ ಕಳೆದು ನಿವ್ವಳ ತೂಕಕ್ಕೆ ಬಿಲ್" ಎಂದಿದೆ. ಓದುವಾಗ ಸರಿಯೇ. ಕಂಪ್ಯೂಟರಿಗೆ ಹೇಳಲು ಹೊರಟಾಗ ಮಾತ್ರ ಪ್ರಶ್ನೆಗಳು ಏಳುತ್ತವೆ. ಒಂದು ಗೋಣಿಗೆ ಎಷ್ಟು ಗ್ರಾಂ? ಮೊದಲು ಗೋಣಿ ಕಳೆಯುವುದೋ, ಮೊದಲು ತೇವ ಕಳೆಯುವುದೋ? ಉಳಿದ ಗ್ರಾಂಗಳನ್ನು ಏನು ಮಾಡುವುದು?

ನಾಲ್ಕು ಗೋಣಿ ಅಡಿಕೆ, ಒಟ್ಟು 262.400 ಕೆಜಿ ಎಂದುಕೊಳ್ಳಿ. ಗೋಣಿಗೆ 700 ಗ್ರಾಂ, ತೇವಕ್ಕೆ ನೂರಕ್ಕೆ ಒಂದು. ಮೊದಲು ಗೋಣಿ ಕಳೆದರೆ 259.600, ಆಮೇಲೆ ತೇವ ಕಳೆದರೆ 257.004 ಕೆಜಿ. ಮೊದಲು ತೇವ ಕಳೆದು ಆಮೇಲೆ ಗೋಣಿ ಕಳೆದರೆ 256.976. ವ್ಯತ್ಯಾಸ 28 ಗ್ರಾಂ, ಯಾರೂ ಕೇಳುವುದಿಲ್ಲ. ಆದರೆ ಅಂಗಡಿಯಲ್ಲಿ ಅರ್ಧ ಕಿಲೋದ ಕೆಳಗಿನದ್ದನ್ನು ಬಿಟ್ಟುಬಿಡುವ ಕ್ರಮ ಇದ್ದರೆ ಮೊದಲನೆಯದು 257 ಆಗುತ್ತದೆ, ಎರಡನೆಯದು 256.5. ಕೆಜಿಗೆ 450 ರೂಪಾಯಿ ಹಿಡಿದರೆ 225 ರೂಪಾಯಿಯ ವ್ಯತ್ಯಾಸ. ಹತ್ತಿರದ ಅರ್ಧ ಕಿಲೋಗೆ ಸರಿ ಮಾಡುವ ಕ್ರಮ ಇದ್ದರೆ ಎರಡೂ 257, ವ್ಯತ್ಯಾಸವೇ ಇಲ್ಲ. ಇದನ್ನು ಪ್ರೋಗ್ರಾಂ ಬರೆಯುವವನು ತನ್ನಷ್ಟಕ್ಕೆ ತೀರ್ಮಾನಿಸಬಾರದು. ಅಡಿಕೆ ತಂದ ಕೃಷಿಕರು ಮನೆಯಲ್ಲೇ ತೂಗಿ, ಲೆಕ್ಕ ಹಾಕಿಕೊಂಡು ಬಂದಿರುತ್ತಾರೆ. ಮೊದಲ ದಿನವೇ ಬಿಲ್ಲು ತಪ್ಪಿತೆಂದರೆ ಅಂಗಡಿಯ ಹೆಸರು ಹಾಳು.

ಈ ಲೆಕ್ಕ ಯಜಮಾನರಿಗೂ ಬಾಯಲ್ಲಿ ಬರುವುದಿಲ್ಲ. ಗೊತ್ತಿರುವುದು ಅಲ್ಲಿ ಲೆಕ್ಕ ಬರೆಯುವ ರೈಟರಿಗೆ. ಅವರನ್ನು ಕೇಳಿದರೆ "ಅದು ನೋಡಿ ಹಾಕುವುದು" ಎನ್ನುತ್ತಾರೆ. ಅವರೂ ಸುಮ್ನೆ ಹೇಳುವುದಲ್ಲ, ಕೈ ಅಭ್ಯಾಸಕ್ಕೆ ಮಾತು ಸಿಗುವುದಿಲ್ಲ ಅಷ್ಟೆ. ಆದ್ದರಿಂದ ಪತ್ರದಲ್ಲಿ "ನಿಮ್ಮ ಕ್ರಮ ತಿಳಿಸಿ" ಎಂದು ಕೇಳಿ ಪ್ರಯೋಜನ ಇಲ್ಲ. ನಾವೇ ಒಂದು ಲೆಕ್ಕ ಮಾಡಿ ಇಟ್ಟು, "ಇದು ಸರಿಯೋ, ಇಲ್ಲದಿದ್ದರೆ ಎಲ್ಲಿ ಬೇರೆ?" ಎಂದು ಕೇಳಬೇಕು. ತಪ್ಪು ಲೆಕ್ಕ ಕಂಡರೆ ರೈಟರ್ ಪೆನ್ನು ಹಿಡಿಯುತ್ತಾರೆ. ಖಾಲಿ ಹಾಳೆ ಕಂಡರೆ ಹಿಡಿಯುವುದಿಲ್ಲ.

ಇನ್ನೊಂದು ಮಾಹಿತಿ ಗೇರುಬೀಜದ್ದು. ಒಪ್ಪಂದದಲ್ಲಿ "ಅಡಿಕೆ ಮತ್ತು ಇತರ ಮಲೆನಾಡು ಬೆಳೆ" ಎಂದು ಬರೆದಿತ್ತು. ಕೃಷಿಕರಿಂದ ಅಡಿಕೆ ತೆಗೆದುಕೊಳ್ಳುವಾಗ ಅಂಗಡಿಯವರು ಆ ಖರೀದಿಗೆ ಜಿಎಸ್‌ಟಿ ಕಟ್ಟಬೇಕಾಗಿಲ್ಲ, ಮಾರುವಾಗ ಹಾಕುತ್ತಾರೆ. ಆದರೆ ಸಿಪ್ಪೆ ತೆಗೆಯದ ಗೇರುಬೀಜವನ್ನು ಕೃಷಿಕರಿಂದ ಕೊಂಡರೆ ರಿವರ್ಸ್ ಚಾರ್ಜ್ ಬರುತ್ತದೆ. ಎಂದರೆ ತೆರಿಗೆಯನ್ನು ಕೊಂಡವರೇ ಕಟ್ಟಬೇಕು, ತಮಗೆ ತಾವೇ ಒಂದು ಇನ್‌ವಾಯ್ಸ್ ಮಾಡಿಕೊಳ್ಳಬೇಕು. ಎರಡೂ ಒಂದೇ ತಕ್ಕಡಿಯಲ್ಲಿ ತೂಗಿದರೂ ಕಾಗದ ಬೇರೆ. ಗೇರುಬೀಜ ತೆಗೆದುಕೊಳ್ಳುತ್ತಾರೋ ಇಲ್ಲವೋ, ತೆಗೆದುಕೊಂಡರೆ ಆ ಇನ್‌ವಾಯ್ಸಿಗೆ ಯಾವ ಸಾಲಿನ ನಂಬರು ಎಂಬುದನ್ನು ಅವರ ಆಡಿಟರೇ ಹೇಳಬೇಕು. ನಾವು ಹೇಳಲು ಹೋಗಬಾರದು.

ಇನ್ನು ಬದಲಾವಣೆಗಳ ಸಾಲು. ಇಲ್ಲಿ ಒಂದು ನಿಜವಾಗಿಯೂ ಕಷ್ಟದ್ದಿತ್ತು. ಜನವರಿ 28ರ ವಾಯ್ಸ್ ಮೆಸೇಜಿನಲ್ಲಿ ಮಗ ಹೇಳಿದ್ದು ಇದು: ಕೆಲವು ಕೃಷಿಕರು ಅಡಿಕೆ ತಂದು ಹಾಕಿ ಹೋಗುತ್ತಾರೆ, ರೇಟು ಅಂದು ಹಾಕುವುದಿಲ್ಲ. ದರ ಏರಿದಾಗ ಫೋನ್ ಮಾಡಿ "ಇವತ್ತಿನ ರೇಟಿಗೆ ಹಾಕಿ" ಎನ್ನುತ್ತಾರೆ. ನಡುವೆ ಮುಂಗಡವನ್ನೂ ತೆಗೆದುಕೊಳ್ಳುತ್ತಾರೆ. ನಾವು ಕಟ್ಟಿದ್ದು ತೂಗಿದ ಕೂಡಲೇ ದರ ಹಾಕಿ ಬಿಲ್ಲು ಮುಗಿಯುವ ಕ್ರಮ. ಈಗ ತೂಕ ಒಂದು ದಿನ, ದರ ಇನ್ನೊಂದು ದಿನ, ಅದೂ ಇಟ್ಟದ್ದರಲ್ಲಿ ಅರ್ಧಕ್ಕೆ ಮಾತ್ರ ಇರಬಹುದು. ಅಂಗಡಿಯಲ್ಲಿ ಇರುವ ಅಡಿಕೆಯಲ್ಲಿ ಯಾವುದು ಅಂಗಡಿಯದ್ದು, ಯಾವುದು ಇನ್ನೂ ಕೃಷಿಕರದ್ದು ಎಂಬ ಲೆಕ್ಕ ಬೇರೆ ಇಡಬೇಕು. ಬುಡದಿಂದಲೇ ಬದಲಾಗುವ ವಿಷಯ ಇದು.

ಯಜಮಾನರ ಮಟ್ಟಿಗೆ ಇದು ಬದಲಾವಣೆಯೇ ಅಲ್ಲ. ಅವರ ಅಜ್ಜನ ಕಾಲದಿಂದ ನಡೆದದ್ದು. ಹೇಳದೆಯೂ ಗೊತ್ತಿರಬೇಕಾದ ಮಾತು ಎಂದು ಅವರಿಗೆ ಅನಿಸುವುದು ಸಹಜ. ಆದರೆ ಒಪ್ಪಂದದಲ್ಲಿ "ತೂಕದ ದಿನದ ದರದಂತೆ ಬಿಲ್" ಎಂಬ ಸಾಲು ಇತ್ತು. ನಾನು ಇಟ್ಟುಕೊಂಡ ಅಳತೆ ಒಂದೇ. ಒಪ್ಪಂದದ ಸಾಲನ್ನು ಹಾಗೆಯೇ ಬಿಟ್ಟು, ಇನ್ನಷ್ಟು ಬಿಡಿಸಿ ಹೇಳಿದರೆ ಸಾಕಾಗುವುದಾದರೆ ಅದು ಮಾಹಿತಿ. ಆ ಸಾಲನ್ನೇ ಅಳಿಸಿ ಬೇರೆ ಬರೆಯಬೇಕಾದರೆ ಅದು ಬದಲಾವಣೆ. ತೂಕದ ಲೆಕ್ಕ ಮೊದಲನೆಯದ್ದು. ರೇಟು ಹಾಕದ ಅಡಿಕೆ ಎರಡನೆಯದ್ದು. ಈ ಕ್ರಮ ನಿಮ್ಮಲ್ಲಿ ಹಳೆಯದು ಎಂಬುದನ್ನು ಪತ್ರದಲ್ಲಿ ನಾವೇ ಒಪ್ಪಿ ಬರೆಯಬೇಕು, ಆಗ ಅವರು ಅದನ್ನು ಸಾಧಿಸಲು ಹೊರಡುವುದಿಲ್ಲ.

ಪತ್ರ ಯಾರ ಹೆಸರಿಗೆ ಎಂಬುದೂ ಯೋಚಿಸಬೇಕಾದ ವಿಷಯವಾಗಿತ್ತು. ಒಪ್ಪಂದಕ್ಕೆ ಸಹಿ ಹಾಕಿದ್ದು ಯಜಮಾನರು. ಬದಲಾವಣೆ ಹೇಳುತ್ತಿದ್ದದ್ದು ಮಗ. ಲೆಕ್ಕ ಗೊತ್ತಿರುವುದು ರೈಟರಿಗೆ. ಮಗ "ಮಾಡಿ ಅಣ್ಣಾ, ದುಡ್ಡಿನ ವಿಷಯ ನಾನು ನೋಡಿಕೊಳ್ಳುತ್ತೇನೆ" ಎಂದದ್ದನ್ನು ನಂಬಿ ಕೆಲಸ ಮಾಡಿ, ಕೊನೆಗೆ ಯಜಮಾನರು "ಯಾರು ಹೇಳಿದ್ದು?" ಎಂದರೆ ಅಪ್ಪ ಮಗನ ನಡುವೆ ನಾವು ನಿಲ್ಲಬೇಕಾಗುತ್ತದೆ. ಪತ್ರ ಯಜಮಾನರ ಹೆಸರಿಗೆ, ಪ್ರತಿ ಮಗನಿಗೆ ಎಂದು ತೀರ್ಮಾನಿಸಿದೆವು. ಭಾಷೆಯೂ ಹಾಗೆಯೇ. ಮಗ ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ, ಅವನಿಗೆ ಇಂಗ್ಲಿಷಿನಲ್ಲಿ ಬರೆದರೆ ಸುಲಭ. ಆದರೆ ಸಹಿ ಹಾಕುವವರು ನಿಧಾನವಾಗಿ, ಕನ್ನಡಕ ಹಾಕಿಕೊಂಡು ಓದುವುದು ಕನ್ನಡವನ್ನು. ಓದಿ ಅರ್ಥವಾಗದ ಕಾಗದಕ್ಕೆ ಸಹಿ ಸಿಕ್ಕಿದರೂ ಅದು ಒಪ್ಪಿಗೆ ಅಲ್ಲ.

ಫೆಬ್ರವರಿ 12ರಂದು ಹೋದ ಪತ್ರ ಹೀಗಿತ್ತು. ಹೆಸರುಗಳನ್ನು ಮಾತ್ರ ಬಿಟ್ಟಿದ್ದೇನೆ.

---

ಫೆಬ್ರವರಿ 12

ಮಾನ್ಯ ಯಜಮಾನರಿಗೆ,
(ಪ್ರತಿ: ತಮ್ಮ ಮಗನವರಿಗೆ)

ವಿಷಯ: ಅಂಗಡಿಯ ಸಾಫ್ಟ್‌ವೇರ್ – ಬೇಕಾದ ಮಾಹಿತಿ ಮತ್ತು ಮೂರು ಬದಲಾವಣೆಗಳಿಗೆ ತಮ್ಮ ಲಿಖಿತ ತೀರ್ಮಾನ, ಫೆಬ್ರವರಿ 20ರ ಒಳಗೆ

ನಮಸ್ಕಾರ.

ಜನವರಿ 6ರ ಒಪ್ಪಂದದ ಪ್ರಕಾರ ಮಾರಾಟದ ಬಿಲ್, ಕೃಷಿಕರ ಹೆಸರಿನ ಪಟ್ಟಿ ಮತ್ತು ಲಾಗಿನ್ ಭಾಗ ಮುಗಿದಿದೆ. ಖರೀದಿಯ ಭಾಗದಲ್ಲಿ ತೂಕ ಬರೆದುಕೊಳ್ಳುವವರೆಗೆ ಆಗಿದೆ. ಅಲ್ಲಿಂದ ಮುಂದೆ ಹೋಗಲು ಕೆಳಗಿನ ಮಾಹಿತಿ ಬೇಕು. ಅದರ ಜೊತೆ, ಈಚೆಗೆ ಹೇಳಿದ ಮೂರು ಹೊಸ ಕೆಲಸಗಳ ಬಗ್ಗೆ ತಮ್ಮ ತೀರ್ಮಾನ ಬೇಕು. ಎರಡನ್ನೂ ಬೇರೆ ಬೇರೆಯಾಗಿ ಬರೆದಿದ್ದೇವೆ.

ಮೊದಲ ಭಾಗ: ಮಾಹಿತಿ. ಇದಕ್ಕೆ ಹೆಚ್ಚುವರಿ ಹಣ ಇಲ್ಲ.

1. ತೂಕ ಕಳೆಯುವ ಕ್ರಮ. ಜೊತೆಗಿಟ್ಟ ಹಾಳೆಯಲ್ಲಿ ನಾಲ್ಕು ಗೋಣಿಯ ಒಂದು ಲೆಕ್ಕವನ್ನು ನಾವೇ ಮಾಡಿದ್ದೇವೆ. ತಮ್ಮ ರೈಟರ್ ಅದನ್ನು ನೋಡಿ ಸರಿ ಎಂದು ಬರೆಯಲಿ ಅಥವಾ ತಿದ್ದಲಿ. ಕೈಯಲ್ಲಿ ಬರೆದ ಹಳೆಯ ಮೂರು ಖರೀದಿ ಚೀಟಿಗಳ ಫೋಟೋ ಕೂಡ ಬೇಕು. ಇದು ಬರುವವರೆಗೆ ಖರೀದಿ ಬಿಲ್ಲಿನ ಕೆಲಸ ಪೂರ್ತಿ ನಿಂತಿರುತ್ತದೆ.

2. ಅಡಿಕೆಯ ತರಗಳು. ಹೊಸ ಅಡಿಕೆ, ಹಳೆ ಅಡಿಕೆ, ಡಬ್ಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು – ಈ ಆರು ಎಂದು ಹಿಡಿದಿದ್ದೇವೆ. ಹೆಚ್ಚು ಕಡಿಮೆ ಇದ್ದರೆ ತಿಳಿಸಿ. ಇದರಿಂದ ಈಗ ಯಾವ ಕೆಲಸವೂ ನಿಂತಿಲ್ಲ.

3. ಗೇರುಬೀಜವನ್ನು ಕೃಷಿಕರಿಂದ ನೇರ ತೆಗೆದುಕೊಳ್ಳುತ್ತೀರಾ? ಹೌದಾದರೆ ರಿವರ್ಸ್ ಚಾರ್ಜಿನ ಇನ್‌ವಾಯ್ಸ್ ಹೇಗಿರಬೇಕು, ಅದರ ನಂಬರಿನ ಸಾಲು ಯಾವುದು ಎಂದು ತಮ್ಮ ಆಡಿಟರಲ್ಲಿ ಕೇಳಿ ತಿಳಿಸಬೇಕು. ಇದು ಬರುವವರೆಗೆ ಗೇರುಬೀಜದ ಭಾಗ ಮಾತ್ರ ನಿಂತಿರುತ್ತದೆ.

4. ಕೃಷಿಕರ ಹಳೆ ಬಾಕಿ ಮತ್ತು ಮುಂಗಡದ ಪಟ್ಟಿ. ಇದಕ್ಕೆ ಅವಸರವಿಲ್ಲ, ಮಾರ್ಚ್ 25ರ ಒಳಗೆ ಸಿಕ್ಕಿದರೆ ಸಾಕು.

ಎರಡನೆಯ ಭಾಗ: ಬದಲಾವಣೆಗಳು. ಇವು ಜನವರಿ 6ರ ಒಪ್ಪಂದದಲ್ಲಿ ಇಲ್ಲ.

ಅ. ರೇಟು ಹಾಕದೆ ಇಟ್ಟ ಅಡಿಕೆಯ ಲೆಕ್ಕ (ಜನವರಿ 28ರ ವಾಯ್ಸ್ ಮೆಸೇಜ್). ತಮ್ಮ ಅಂಗಡಿಯಲ್ಲಿ ಇದು ಮೊದಲಿಂದಲೂ ಇರುವ ಕ್ರಮ ಎಂದು ತಿಳಿಯಿತು. ಒಪ್ಪಂದದಲ್ಲಿ ತೂಕದ ದಿನದ ದರ ಎಂದು ಇರುವುದರಿಂದ ಖರೀದಿ ಭಾಗವನ್ನು ಬೇರೆ ರೀತಿ ಕಟ್ಟಬೇಕಾಗುತ್ತದೆ. 6 ಕೆಲಸದ ದಿನ, 9,000 ರೂಪಾಯಿ.

ಆ. ಬಿಲ್ಲಿನ ತಲೆಬರಹಗಳು ಕನ್ನಡದ ಜೊತೆ ಮಲಯಾಳದಲ್ಲೂ (ಫೆಬ್ರವರಿ 3). ಕೃಷಿಕರ ಹೆಸರು ತಾವು ಟೈಪ್ ಮಾಡಿದ ಲಿಪಿಯಲ್ಲೇ ಬರುತ್ತದೆ. 3 ಕೆಲಸದ ದಿನ, 4,500 ರೂಪಾಯಿ.

ಇ. ಯಜಮಾನರು ಮನೆಯಿಂದ ಮೊಬೈಲಿನಲ್ಲಿ ದಿನದ ಲೆಕ್ಕ ನೋಡುವುದು (ಫೆಬ್ರವರಿ 8). 8 ಕೆಲಸದ ದಿನ, 12,000 ರೂಪಾಯಿ. ಇದನ್ನೂ ಈಗಲೇ ಸೇರಿಸಿದರೆ ಏಪ್ರಿಲ್ 1ಕ್ಕೆ ಶುರು ಮಾಡಲು ಆಗುವುದಿಲ್ಲ. ಏಪ್ರಿಲ್ ನಂತರ ಮಾಡೋಣ ಎಂಬುದು ನಮ್ಮ ಸಲಹೆ.

ಪ್ರತಿಯೊಂದಕ್ಕೂ ಜೊತೆಗಿಟ್ಟ ಹಾಳೆಯಲ್ಲಿ 'ಬೇಕು', 'ಬೇಡ', 'ಆಮೇಲೆ' ಎಂಬ ಮೂರರಲ್ಲಿ ಒಂದಕ್ಕೆ ಗುರುತು ಹಾಕಿ, ಕೆಳಗೆ ತಮ್ಮ ಸಹಿ ಹಾಕಿ ಕಳಿಸಬೇಕು. ಫೋಟೋ ತೆಗೆದು ವಾಟ್ಸಾಪ್ ಮಾಡಿದರೂ ಸಾಕು. 'ಬೇಕು' ಎಂದವುಗಳ ಮೊತ್ತದ ಅರ್ಧ ಸಹಿಯ ಜೊತೆ, ಉಳಿದರ್ಧ ಕೊನೆಯ ಕಂತಿನ ಜೊತೆ.

ದಿನಾಂಕಗಳು: ಮೊದಲ ಭಾಗದ 1 ಮತ್ತು 3 ಹಾಗೂ ಎರಡನೆಯ ಭಾಗದ ತೀರ್ಮಾನ ಫೆಬ್ರವರಿ 20ಕ್ಕೆ ಸಿಕ್ಕಿದರೆ, ಬದಲಾವಣೆ ಯಾವುದೂ ಇಲ್ಲದಿದ್ದಲ್ಲಿ ಮಾರ್ಚ್ 15ಕ್ಕೆ, ಅ ಮತ್ತು ಆ ಸೇರಿದರೆ ಮಾರ್ಚ್ 26ಕ್ಕೆ ಕೊಡುತ್ತೇವೆ. 20ರ ನಂತರ ತಡವಾದ ಪ್ರತಿ ಕೆಲಸದ ದಿನಕ್ಕೆ ಈ ದಿನಾಂಕವೂ ಒಂದು ದಿನ ಮುಂದೆ ಹೋಗುತ್ತದೆ.

ಬದಲಾವಣೆಗಳ ಬಗ್ಗೆ 20ರ ಒಳಗೆ ಉತ್ತರ ಬಾರದಿದ್ದರೆ ಅವು ಸದ್ಯಕ್ಕೆ ಬೇಡ ಎಂದು ತಿಳಿದು, ಜನವರಿ 6ರ ಒಪ್ಪಂದದಲ್ಲಿ ಇರುವಷ್ಟನ್ನು ಮಾತ್ರ ಮಾಡುತ್ತೇವೆ. ಇಷ್ಟರಲ್ಲಿ ಮಾರಾಟದ ವರದಿಗಳ ಕೆಲಸ ನಡೆಯುತ್ತಿರುತ್ತದೆ.

ತಮಗೆ ಅನುಕೂಲವಾದರೆ ಶನಿವಾರ ಅಂಗಡಿಗೆ ಬಂದು ರೈಟರ ಜೊತೆ ಕೂತು ಮೊದಲ ಹಾಳೆಯನ್ನು ತುಂಬಿಸಲು ನಾವು ತಯಾರು.

ತಮ್ಮ ವಿಶ್ವಾಸಿಗಳು,
(ಇಬ್ಬರ ಸಹಿ)

---

ಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಉತ್ತರ ಬಾರದಿದ್ದರೆ ಏನು ಎಂಬ ಸಾಲು. ಗೆಳೆಯನ ಕರಡಿನಲ್ಲಿ "ಏಳು ದಿನದೊಳಗೆ ಉತ್ತರಿಸದಿದ್ದರೆ ಬದಲಾವಣೆ ಮತ್ತು ಮೊತ್ತಕ್ಕೆ ಒಪ್ಪಿಗೆ ಇದೆ ಎಂದು ಭಾವಿಸಲಾಗುವುದು" ಎಂದಿತ್ತು. ಇದನ್ನು ತುಂಬ ಜನ ಬರೆಯುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಸುಮ್ಮನಿದ್ದವನು 9,000 ರೂಪಾಯಿಗೆ ಒಪ್ಪಿದ ಎಂದು ನಾವು ಏಕಪಕ್ಷೀಯವಾಗಿ ಬರೆದುಕೊಂಡರೆ ಅದು ನಿಲ್ಲುವ ಮಾತಲ್ಲ. ಒಪ್ಪಂದವನ್ನು ಬದಲಿಸಲು ಎರಡೂ ಕಡೆಯವರು ಒಪ್ಪಬೇಕು, 1872ರ ಕರಾರು ಕಾಯ್ದೆಯ 62ನೇ ಸೆಕ್ಷನ್ ಹೇಳುವುದೂ ಅದನ್ನೇ. ಸಹಿ ಮಾಡಿದ ಹಳೆಯ ಕಾಗದ ಒಂದು ಹೇಗೂ ಇದೆ. ಉತ್ತರ ಬಾರದಿದ್ದರೆ ಅದಕ್ಕೆ ಮರಳುವುದೇ ಇಬ್ಬರಿಗೂ ಸುರಕ್ಷಿತ. ಮೇಲಾಗಿ, ಆ ಬದಲಾವಣೆ ಬೇಕೇ ಬೇಕು ಎಂದಿದ್ದವರು ಈ ಸಾಲು ಓದಿದ ಮೇಲೆ ಸುಮ್ಮನಿರುವುದಿಲ್ಲ.

ಮಾಹಿತಿಯ ವಿಷಯದಲ್ಲಿ ಮಾತ್ರ ಇದು ನಡೆಯುವುದಿಲ್ಲ. ತೂಕದ ಲೆಕ್ಕ ಬಾರದಿದ್ದರೆ ಮರಳಿ ಹೋಗಲು ಹಳೆಯದೆಂಬುದಿಲ್ಲ. ಅಲ್ಲಿ ಇರುವ ರಕ್ಷಣೆ ದಿನಾಂಕ ಮುಂದೆ ಹೋಗುವುದು ಒಂದೇ. ಅದೇ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ, ಕೆಲಸ ಮಾಡಿಸಿಕೊಳ್ಳುವವರು ಅದಕ್ಕೆ ಬೇಕಾದ ಅನುಕೂಲವನ್ನು ಒದಗಿಸದೆ ಹೋದರೆ, ಅದರಿಂದ ಆಗದೆ ಉಳಿದದ್ದಕ್ಕೆ ಮಾಡುವವರು ಹೊಣೆಯಲ್ಲ. ಆದರೆ ಇಂತಿಂಥದ್ದು ಕೇಳಿದ್ದೆವು, ಇಂಥ ದಿನ ಕೇಳಿದ್ದೆವು ಎಂಬುದಕ್ಕೆ ಕಾಗದ ಇರಬೇಕಲ್ವಾ? "ಎಲ್ಲ ಮಾಹಿತಿ ಕೊಡಿ" ಎಂಬ ಪತ್ರದಿಂದ ಅದು ತೋರಿಸಲು ಆಗುವುದಿಲ್ಲ. ಸೆಕ್ಷನ್ ನಂಬರುಗಳನ್ನು ಪತ್ರದಲ್ಲಿ ಹಾಕಬಾರದೆಂದು ನಾನೇ ಹೇಳಿದೆ. ಹಾಕಿದರೆ ಅದು ವಕೀಲರ ಮೇಜಿಗೆ ಹೋಗುತ್ತದೆ, ನಮಗೆ ಬೇಕಾದದ್ದು ರೈಟರ ಮೇಜಿಗೆ ಹೋಗುವುದು.

ಮಲಯಾಳದ ಬಿಲ್ಲಿನ ಬಗ್ಗೆ ಒಂದು ಮಾತು. ಕೇಳಲು ಇದು ನಿಜವಾಗಿಯೂ ಸಣ್ಣ ವಿಷಯ. ಆದರೆ ಅಂಗಡಿಗಳಲ್ಲಿ ಇರುವ ಸಾಮಾನ್ಯ ಥರ್ಮಲ್ ಪ್ರಿಂಟರಿನ ಒಳಗೆ ಕನ್ನಡ, ಮಲಯಾಳದ ಅಕ್ಷರಗಳು ಇರುವುದಿಲ್ಲ. ಇಡೀ ಬಿಲ್ಲನ್ನು ಚಿತ್ರ ಮಾಡಿ ಕಳಿಸಬೇಕು. ಕನ್ನಡಕ್ಕಾಗಿ ಅದನ್ನು ಮೊದಲೇ ಮಾಡಿದ್ದೆವು, ಆದ್ದರಿಂದ ಮೂರು ದಿನ ಸಾಕಿತ್ತು. ಕೃಷಿಕರ ಹೆಸರುಗಳೂ ಎರಡೂ ಲಿಪಿಯಲ್ಲಿ ಬರಬೇಕು ಎಂದರೆ ಮಾತ್ರ ಮೂರು ದಿನ ಸಾಲದು. ಒಂದೊಂದು ಹೆಸರನ್ನೂ ಯಾರಾದರೂ ನೋಡಿ ತಿದ್ದಬೇಕು. ಆ ಕಾರಣಕ್ಕೆ ಪತ್ರದಲ್ಲಿ "ಹೆಸರು ತಾವು ಟೈಪ್ ಮಾಡಿದ ಲಿಪಿಯಲ್ಲೇ" ಎಂದು ಬರೆದದ್ದು. ಬದಲಾವಣೆಗೆ ಒಪ್ಪಿಗೆ ಕೇಳುವಾಗ ಅದರಲ್ಲಿ ಏನು ಇಲ್ಲ ಎಂಬುದನ್ನೂ ಬರೆಯದಿದ್ದರೆ ಒಪ್ಪಿಗೆಯ ಒಳಗಿಂದಲೇ ಇನ್ನೊಂದು ಬದಲಾವಣೆ ಹುಟ್ಟುತ್ತದೆ.

ಪತ್ರ ಮುಟ್ಟಿದ ಸಂಜೆ ಮಗನ ಫೋನು ಬಂತು. "ಏನಣ್ಣಾ, ಇಷ್ಟು ಸಮಯ ಮಾತಿನಲ್ಲೇ ಆಗಿತ್ತಲ್ಲ, ಈಗ ಯಾಕೆ ಕಾಗದ?" ಎಂದ. ಅವನಿಗೆ ಬೇಸರವಾಗಿತ್ತು. "ನೀನು ಹೇಳಿದ್ದನ್ನು ನಾವು ಸರಿ ಕೇಳಿಸಿಕೊಂಡಿದ್ದೇವಾ ಎಂದು ಅಪ್ಪನೂ ನೋಡಲಿ, ಅಷ್ಟೆ" ಎಂದೆ. ಮೊಬೈಲಿನ ಕೆಲಸಕ್ಕೆ 12,000 ಎಂಬುದನ್ನು ಅವನು ಅಪ್ಪನಿಗೆ ಹೇಳಿರಲಿಲ್ಲ ಎಂದು ಕಾಣುತ್ತದೆ. ಆ ವಿಷಯವನ್ನು ನಾನು ಎತ್ತಲಿಲ್ಲ.

ಶನಿವಾರ ಅಂಗಡಿಗೆ ಹೋದಾಗ ರೈಟರ್ ಹಾಳೆಯನ್ನು ತಿದ್ದಿ ಇಟ್ಟಿದ್ದರು. ಮೊದಲು ಗೋಣಿ, ಆಮೇಲೆ ತೇವ. ಅರ್ಧ ಕಿಲೋದ ಕೆಳಗಿನದ್ದು ಬಿಡುವುದು. ಆದರೆ ಒಂದೇ ಗೋಣಿ ತಂದವರಿಗೆ ಹಾಗಿಲ್ಲ, ಅವರಿಗೆ ನೂರು ಗ್ರಾಂವರೆಗೆ ಲೆಕ್ಕ. ಸಣ್ಣ ಹಿಡುವಳಿಯವರಿಗೆ ನಷ್ಟ ಆಗಬಾರದೆಂದು ಯಜಮಾನರೇ ಹಿಂದೆ ಮಾಡಿದ ಕ್ರಮವಂತೆ. ಈ ಕೊನೆಯ ವಿಷಯ ಯಾವ ಪ್ರಶ್ನೆ ಕೇಳಿದ್ದರೂ ಹೊರಗೆ ಬರುತ್ತಿರಲಿಲ್ಲ. ಹಳೆಯ ಮೂರು ಚೀಟಿಗಳಲ್ಲಿ ಒಂದು ನಮ್ಮ ಲೆಕ್ಕಕ್ಕೆ ತಾಳೆಯಾಗದೆ ಉಳಿದದ್ದರಿಂದ ಬಂತು. ಚೀಟಿ ಕೇಳಿದ್ದು ಅದಕ್ಕೇ.

ಯಜಮಾನರು ಅಡ್ಡ ಹಿಡಿದದ್ದು 'ಅ' ವಿಷಯದಲ್ಲಿ. "ಇದಕ್ಕೆ 9,000 ಯಾಕೆ? ರೇಟು ಹಾಕದೆ ಅಡಿಕೆ ಇಡುವುದು ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ?" ಎಂದರು. ದರ ಇಳಿಸುವ ದಾರಿ ಒಂದಿತ್ತು. ನನಗೆ ಅದು ಇಷ್ಟವಿರಲಿಲ್ಲ. ದರ ಇಳಿಸಿದರೆ ಮೊದಲು ಹೇಳಿದ ದರ ಸುಳ್ಳು ಎಂದಾಗುತ್ತದೆ. ಅದರ ಬದಲು ಒಪ್ಪಂದದ ಪಟ್ಟಿಯನ್ನು ಒಟ್ಟಿಗೆ ಓದಿದೆವು. ಅದರಲ್ಲಿ ತಿಂಗಳ ದರದ ಏರಿಳಿತ ತೋರಿಸುವ ಒಂದು ಚಿತ್ರಪಟ ಇತ್ತು, ಎರಡು ದಿನದ ಕೆಲಸ, ಇನ್ನೂ ಶುರು ಮಾಡಿರಲಿಲ್ಲ. "ಇದು ಯಾರು ನೋಡುವುದು? ದರ ನನಗೆ ತಲೆಯಲ್ಲೇ ಉಂಟು" ಎಂದರು ಯಜಮಾನರು. ಅದನ್ನು ಬಿಟ್ಟೆವು. ದಿನಕ್ಕೆ 1,500ರ ಲೆಕ್ಕದಲ್ಲಿ 3,000 ಕಡಿಮೆಯಾಯಿತು, ಎರಡು ದಿನವೂ ಉಳಿಯಿತು. 'ಆ' ಬೇಕು, 'ಇ' ಆಮೇಲೆ. ಒಟ್ಟು ಹೆಚ್ಚುವರಿ 10,500. ಕೆಲಸದ ಮೊತ್ತ 70,500 ಆಯಿತು.

ಒಪ್ಪಿದ್ದನ್ನು ಅಲ್ಲೇ ಬಾಯಲ್ಲಿ ಮುಗಿಸಲಿಲ್ಲ. ಒಪ್ಪಿಗೆಯ ಹಾಳೆಯನ್ನು ಹೊಸ ಅಂಕಿಗಳೊಂದಿಗೆ ಮತ್ತೆ ಬರೆದು, ಚಿತ್ರಪಟ ಬಿಟ್ಟದ್ದನ್ನೂ ಸೇರಿಸಿ ಕಳಿಸಿದೆವು. ಬಿಟ್ಟದ್ದನ್ನು ಬರೆಯುವುದು ತುಂಬ ಜನ ಮರೆಯುವ ವಿಷಯ. ಹಳೆಯ ಒಪ್ಪಂದದಲ್ಲಿ ಅದು ಇದ್ದೇ ಇರುತ್ತದೆ, ಕೊನೆಯ ಕಂತಿನ ಹೊತ್ತಿಗೆ ಯಾರಾದರೂ ಅದನ್ನು ಹಿಡಿದು ಕೇಳಿದರೆ ಉತ್ತರವಿರುವುದಿಲ್ಲ. ಸಹಿಯಾದ ಹಾಳೆಯ ಫೋಟೋ ಮತ್ತು ಗೇರುಬೀಜದ ಬಗ್ಗೆ ಆಡಿಟರ ಉತ್ತರ ಫೆಬ್ರವರಿ 22ಕ್ಕೆ ಬಂತು, 5,250 ರೂಪಾಯಿ ಅದೇ ದಿನ. ಎರಡು ಕೆಲಸದ ದಿನ ತಡ. ಏಳು ದಿನದ ಹೊಸ ಕೆಲಸಕ್ಕೆ ಮಾರ್ಚ್ 24 ಆಗಬೇಕಿದ್ದದ್ದು ಈ ತಡದಿಂದ 26 ಆಯಿತು. ಅಂದೇ "ಹಾಳೆ ಸಿಕ್ಕಿತು, ಕೊಡುವ ದಿನ ಮಾರ್ಚ್ 26" ಎಂದು ಒಂದು ಸಾಲು ಮರಳಿ ಬರೆದು, ಖರೀದಿಯ ಕೆಲಸ ಶುರು ಮಾಡಿದೆವು.

ವಾಟ್ಸಾಪ್ ಫೋಟೋ ಸಾಕೇ ಎಂದು ಗೆಳೆಯ ಕೇಳಿದ್ದ. ಸಾಕು. ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಕರಾರು ಬೀಳುವುದಿಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್‌ನಲ್ಲಿ ಇದೆ. ಆದರೂ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಬೇರೆ ಕಡೆ ಇಟ್ಟೆವು. ಮೂಲ ಹಾಳೆಯನ್ನೂ ಮುಂದಿನ ಬಾರಿ ಹೋದಾಗ ಕೈಯಲ್ಲೇ ತೆಗೆದುಕೊಂಡೆವು. ಫೋನು ಬದಲಾಯಿಸಿದರೆ ಹೋಗುವ ವಸ್ತುವಿನಲ್ಲಿ ಒಪ್ಪಂದ ಇಡುವುದು ಬೇಡ.

ಪತ್ರದಿಂದ ಎಲ್ಲವೂ ಹೊರಗೆ ಬರಲಿಲ್ಲ. ಮಾರ್ಚ್ ಮಧ್ಯದಲ್ಲಿ ಓಡಿಸಿ ನೋಡುವಾಗ ರೈಟರ್ ಪ್ಲಾಸ್ಟಿಕ್ ಚೀಲದ ಅಡಿಕೆಯ ತೂಕ ಹಾಕಿದರು. ಅದಕ್ಕೂ 700 ಗ್ರಾಂ ಕಳೆಯಿತು. ಗೋಣಿ ಎಂದರೆ ಸೆಣಬಿನದ್ದು ಎಂದೇ ಎಲ್ಲರೂ ಹಿಡಿದಿದ್ದೆವು. ಹಿಂದಿನ ಅಳತೆಯನ್ನೇ ಹಾಕಿ ನೋಡಿದೆವು: "ಗೋಣಿ ಮತ್ತು ತೇವದ ತೂಕ ಕಳೆದು" ಎಂಬ ಸಾಲು ಹಾಗೆಯೇ ಉಳಿಯುತ್ತದೆ, ಬಿಡಿಸಿ ಹೇಳಿದರೆ ಸಾಕು. ಮಾಹಿತಿ, ಬದಲಾವಣೆ ಅಲ್ಲ. ಚೀಲದ ವಿಧವನ್ನು ಆರಿಸುವ ಒಂದು ಜಾಗ ಇಟ್ಟು, ವಿಧಕ್ಕೆ ಎಷ್ಟು ಗ್ರಾಂ ಎಂಬುದನ್ನು ರೈಟರೇ ಹಾಕುವಂತೆ ಮಾಡಿದೆವು. ಅದಕ್ಕೆ ಹಣ ಕೇಳಲಿಲ್ಲ. ಯಾವ ಚೀಲಕ್ಕೆ ಎಷ್ಟು ಎಂದು ಮಾತ್ರ ಅವರ ಕೈಯಲ್ಲೇ ಬರೆಸಿ, ಹಾಳೆಯನ್ನು ಉಳಿದ ಕಾಗದಗಳ ಜೊತೆ ಸೇರಿಸಿದೆವು.